ಹಲೋ ಅಂದ ಮೇಲಿನ ಇಪ್ಪತ್ತು ಸೆಕೆಂಡು

"ನಮಸ್ಕಾರ ಸರ್, ತಾವು ಇಂದು ಹೇಗಿದ್ದೀರಿ? ಕೈಗಾರಿಕಾ ಕ್ಷೇತ್ರಕ್ಕೆ ಸಮಗ್ರ ಪರಿಹಾರಗಳನ್ನು ಒದಗಿಸುವ ಮುಂಚೂಣಿಯ ಸಂಸ್ಥೆಯೊಂದರ ಪರವಾಗಿ ತಮಗೆ ಕರೆ ಮಾಡುತ್ತಿದ್ದೇನೆ. ತಮ್ಮ ಅಮೂಲ್ಯ ಸಮಯದಲ್ಲಿ ಎರಡು ನಿಮಿಷ..."

ಇಷ್ಟು ಹೊತ್ತಿಗೆ ಆ ಕಡೆಯವರು ಫೋನ್ ಇಟ್ಟಾಗಿರುತ್ತದೆ. ಇಟ್ಟವರನ್ನು ದೂರುವಂತಿಲ್ಲ. ಮಾತಾಡಿದ ಹುಡುಗಿಯನ್ನೂ ದೂರುವಂತಿಲ್ಲ, ಏಕೆಂದರೆ ಆ ಸಾಲುಗಳನ್ನು ಬರೆದವಳು ಅವಳಲ್ಲ. ಎಲ್ಲೋ ಇಂಗ್ಲಿಷಿನಲ್ಲಿ ಹುಟ್ಟಿದ ಸ್ಕ್ರಿಪ್ಟನ್ನು ಯಾರೋ ಕನ್ನಡಕ್ಕೆ ತಿರುಗಿಸಿ, ಅಚ್ಚು ಹಾಕಿಸಿ, ಅವಳ ಮೇಜಿನ ಮುಂದೆ ಅಂಟಿಸಿದ್ದಾರೆ. ಬೆಳಗ್ಗೆಯಿಂದ ಸಂಜೆಯವರೆಗೆ ಅವಳು ಅದನ್ನೇ ಓದಬೇಕು. ಮನೆಯಲ್ಲಿ, ಬಸ್ಸಿನಲ್ಲಿ, ಅಂಗಡಿಯಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ ಎಂಬುದು ಅವಳಿಗೂ ಗೊತ್ತು, ಕೇಳುವವರಿಗೂ ಗೊತ್ತು.

ಪರಿಚಯವೇ ಇಲ್ಲದವರಿಗೆ, ಅವರು ಕೇಳದೆ ಇರುವಾಗ, ಏನನ್ನೋ ಮಾರಲು ಮಾಡುವ ಫೋನಿಗೆ ಮಾರಾಟದ ಜಗತ್ತು ಕೋಲ್ಡ್ ಕಾಲ್ ಎನ್ನುತ್ತದೆ. ಅದನ್ನು ಮಾಡುವವರು ಟೆಲಿಕಾಲರ್‌ಗಳು. ಈ ಕೆಲಸದಲ್ಲಿ ಕರೆಯ ಗತಿ ಬಹುಮಟ್ಟಿಗೆ ಮೊದಲ ಇಪ್ಪತ್ತು ಸೆಕೆಂಡಿನಲ್ಲೇ ತೀರ್ಮಾನವಾಗುತ್ತದೆ. ಆದರೆ ಆ ಇಪ್ಪತ್ತು ಸೆಕೆಂಡಿನಲ್ಲಿ ಯಾವ ವಸ್ತುವೂ ಮಾರಾಟವಾಗುವುದಿಲ್ಲ. ಆಗುವುದು ಒಂದೇ: ಇನ್ನೂ ಒಂದು ನಿಮಿಷ ಕೇಳೋಣ ಎಂದು ಆ ಕಡೆಯವರು ಮನಸ್ಸು ಮಾಡುತ್ತಾರೆ, ಇಲ್ಲವೇ ಮಾಡುವುದಿಲ್ಲ.

ಫೋನಿನ ಮಾತುಕತೆ ಹೇಗೆ ಶುರುವಾಗುತ್ತದೆ ಎಂಬುದನ್ನು ಗಂಭೀರವಾಗಿ ಅಧ್ಯಯನ ಮಾಡಿದವರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ಎಮ್ಯಾನುಯೆಲ್ ಶೆಗ್ಲಾಫ್ ಮೊದಲಿಗರು. 1968ರಲ್ಲಿ ಪ್ರಕಟವಾದ ಅವರ ಪ್ರಬಂಧಕ್ಕೆ ಆಧಾರವಾಗಿದ್ದದ್ದು ಪೊಲೀಸರಿಗೆ ಬಂದ, ಪೊಲೀಸರು ಮಾಡಿದ ಸುಮಾರು 500 ಕರೆಗಳ ಧ್ವನಿಮುದ್ರಣ. ಫೋನ್ ಎತ್ತಿದವರೇ ಮೊದಲು ಮಾತಾಡುತ್ತಾರೆ ಎಂಬ ನಿಯಮಕ್ಕೆ ಅಷ್ಟೂ ಕರೆಗಳಲ್ಲಿ ಹೊಂದದೆ ಉಳಿದದ್ದು ಒಂದೇ ಒಂದು. ಗಂಟೆ ಹೊಡೆಯುವುದು ಕರೆದಂತೆ, ಹಲೋ ಎನ್ನುವುದು ಓಗೊಟ್ಟಂತೆ. ಅದಾದ ಮೇಲೆ ಯಾರು ಎಂಬುದು ಗೊತ್ತಾಗಬೇಕು, ಆಮೇಲೆ ನಮಸ್ಕಾರ, ಆಮೇಲೆ ಕುಶಲ, ಕೊನೆಗೆ ಫೋನ್ ಮಾಡಿದ ಕಾರಣ. ಪರಿಚಿತರ ನಡುವೆ ಈ ಮೆಟ್ಟಿಲುಗಳು ಎಷ್ಟು ಬೇಗ ಮುಗಿಯುತ್ತವೆಂದರೆ, ಇವೆ ಎಂಬುದೇ ಗಮನಕ್ಕೆ ಬರುವುದಿಲ್ಲ. ಅಪರಿಚಿತರ ಕರೆಯಲ್ಲಿ ಮಾತ್ರ ಪ್ರತಿಯೊಂದು ಮೆಟ್ಟಿಲೂ ಕಾಲಿಗೆ ಸಿಗುತ್ತದೆ.

ಕರ್ನಾಟಕದಲ್ಲಿ ಈ ಮೆಟ್ಟಿಲುಗಳಿಗೆ ತಮ್ಮದೇ ಸ್ವರೂಪವಿದೆ. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದಾಗ ಇಲ್ಲಿ ಕೇಳುವ ಪ್ರಶ್ನೆ "ಯಾರು?" ಎಂಬುದಷ್ಟೇ ಅಲ್ಲ, "ಎಲ್ಲಿಂದ?" ಎಂಬುದೂ ಹೌದು. ಹೆಸರು ಕೇಳಿದರೆ ಏನೂ ತಿಳಿಯುವುದಿಲ್ಲ, ಊರು ಅಥವಾ ಬಡಾವಣೆ ಕೇಳಿದರೆ ಏನೋ ಒಂದು ತಿಳಿಯುತ್ತದೆ. ಮೂರನೆಯ ಪ್ರಶ್ನೆ ಬಾಯಿಗೆ ಬರದಿದ್ದರೂ ಮನಸ್ಸಿನಲ್ಲಿ ಇದ್ದೇ ಇರುತ್ತದೆ: "ನನಗೇ ಯಾಕೆ ಮಾಡಿದ್ರು?" ಈ ಮೂರನ್ನೂ ಅವರು ಕೇಳುವ ಮೊದಲೇ ಹೇಳಿಬಿಟ್ಟರೆ ಆರಂಭದ ಸಾಲಿನ ಕೆಲಸ ಮುಗಿಯಿತು. ಅವರೇ ಕೇಳಿ ಹೇಳಿಸಿಕೊಂಡರೆ ಕಾಲರ್ ಆಗಲೇ ವಿಚಾರಣೆಗೆ ನಿಂತಂತೆ.

ಆದರೆ ಬಹಳಷ್ಟು ಕರೆಗಳು ಸಾಲಿನ ತನಕವೂ ಬರುವುದಿಲ್ಲ. ದೊಡ್ಡ ಕಾಲ್ ಸೆಂಟರ್‌ಗಳಲ್ಲಿ ಒಂದೇ ಸಲ ಹಲವು ನಂಬರುಗಳಿಗೆ ಡಯಲ್ ಮಾಡುವ ಯಂತ್ರಗಳಿರುತ್ತವೆ. ಯಾರು ಮೊದಲು ಎತ್ತುತ್ತಾರೋ ಅವರನ್ನು ಬಿಡುವಾಗಿರುವ ಕಾಲರ್‌ಗೆ ಅದು ಜೋಡಿಸುತ್ತದೆ. ಆ ಜೋಡಣೆಗೆ ಒಂದೆರಡು ಸೆಕೆಂಡು ಹಿಡಿದರೆ, ಎತ್ತಿದವರು "ಹಲೋ" ಎನ್ನುತ್ತಾರೆ, ಉತ್ತರವಿಲ್ಲ. ಮತ್ತೆ "ಹಲೋ" ಎನ್ನುತ್ತಾರೆ, ಸದ್ದಿಲ್ಲ. ಇದು ಮಾರಾಟದ ಫೋನು ಎಂದು ಆ ಮೌನದಲ್ಲೇ ಜನ ಗುರುತಿಸುವುದನ್ನು ಕಲಿತುಬಿಟ್ಟಿದ್ದಾರೆ. ಅಮೆರಿಕದಲ್ಲಿ ಇದಕ್ಕೊಂದು ಕಾನೂನೇ ಇದೆ. ಎತ್ತಿದವರ ಹಲೋ ಮುಗಿದ 2 ಸೆಕೆಂಡಿನೊಳಗೆ ಮನುಷ್ಯರ ದನಿ ಕೇಳಿಸದಿದ್ದರೆ ಅದನ್ನು ಕೈಬಿಟ್ಟ ಕರೆ ಎಂದು ಲೆಕ್ಕ ಹಿಡಿಯುತ್ತಾರೆ, ಅಂಥವು ಎತ್ತಿದ ಕರೆಗಳಲ್ಲಿ ಶೇ. 3ನ್ನು ಮೀರುವಂತಿಲ್ಲ. ಕರೆ ಮಾರಾಟದ್ದು ಎಂಬುದನ್ನು, ಮಾರುವವರು ಯಾರೆಂಬುದನ್ನು, ಮಾರುವುದು ಏನನ್ನು ಎಂಬುದನ್ನು ತಡಮಾಡದೆ ಹೇಳಬೇಕು ಎಂದೂ ಅದೇ ಕಾನೂನು ಹೇಳುತ್ತದೆ. ಅಂದರೆ ಅಲ್ಲಿ ಮೊದಲ ಇಪ್ಪತ್ತು ಸೆಕೆಂಡಿನ ಮೇಲೆ ಸರ್ಕಾರದ ಕಣ್ಣೂ ಇದೆ.

ಇನ್ನು ಸಾಲುಗಳ ಮಾತು. ಈ ಕ್ಷೇತ್ರದಲ್ಲಿ ಪದೇ ಪದೇ ಉದ್ಧರಿಸುವ ಲೆಕ್ಕವೊಂದಿದೆ. ಮಾರಾಟದ ಕರೆಗಳನ್ನು ರೆಕಾರ್ಡ್ ಮಾಡಿ ವಿಶ್ಲೇಷಿಸುವ ಸಾಫ್ಟ್‌ವೇರ್ ಕಂಪನಿ ಗಾಂಗ್, 90 ಸಾವಿರಕ್ಕೂ ಹೆಚ್ಚು ಕೋಲ್ಡ್ ಕಾಲ್‌ಗಳನ್ನು ಪರಿಶೀಲಿಸಿ ಆರಂಭದ ಸಾಲುಗಳನ್ನು ಹೋಲಿಸಿತ್ತು. ಸಾಮಾನ್ಯವಾಗಿ ನೂರು ಕರೆಗಳಲ್ಲಿ ಒಂದೂವರೆ ಮಾತ್ರ ಮುಂದಿನ ಭೇಟಿಯವರೆಗೆ ಹೋಗುತ್ತಿತ್ತು. "ಹೌ ಹ್ಯಾವ್ ಯೂ ಬೀನ್?" ಎಂದು ಶುರುವಾದ ಕರೆಗಳಲ್ಲಿ ಅದು ನೂರಕ್ಕೆ ಹತ್ತರಷ್ಟಾಯಿತು. ಫೋನ್ ಮಾಡಿದ ಕಾರಣವನ್ನು ಆರಂಭದಲ್ಲೇ ಹೇಳಿದವರ ಯಶಸ್ಸು ಎರಡು ಪಟ್ಟು. "ನಿಮಗೆ ತೊಂದರೆ ಕೊಟ್ಟೆನಾ, ಈಗ ಬಿಡುವಿಲ್ಲವೇನೋ?" ಎಂಬ ಅರ್ಥದ ಸಾಲು ಮಾತ್ರ ಯಶಸ್ಸನ್ನು ಶೇ. 40ರಷ್ಟು ಇಳಿಸಿತ್ತು.

ಈ ಅಂಕಿಗಳನ್ನು ಹಿಡಿದು ಕುಣಿಯುವ ಮೊದಲು ಸ್ವಲ್ಪ ನಿಲ್ಲಬೇಕು. ಅವು ಇಂಗ್ಲಿಷಿನಲ್ಲಿ, ಕಂಪನಿಗಳ ಅಧಿಕಾರಿಗಳಿಗೆ ಸಾಫ್ಟ್‌ವೇರ್‌ನಂಥ ವಸ್ತುಗಳನ್ನು ಮಾರುವವರ ಕರೆಗಳು. ಲೆಕ್ಕ ಹಾಕಿದ ಕಂಪನಿಯ ಗಿರಾಕಿಗಳೂ ಅದೇ ಮಾರಾಟಗಾರರೇ. ಆ ಸಾಲನ್ನು ಬಳಸಿದವರು ಮೊದಲೇ ಪಳಗಿದ ಕಾಲರ್‌ಗಳಾಗಿದ್ದರೆ ಗೆಲುವು ಸಾಲಿನದೋ ದನಿಯದೋ ಎಂದು ಬಿಡಿಸಿ ಹೇಳಲಾಗದು. ಹಾಗಿದ್ದೂ ನಮ್ಮಲ್ಲಿ ಅನೇಕ ಸ್ಕ್ರಿಪ್ಟುಗಳು "ಹೇಗಿದ್ದೀರಾ ಸರ್?" ಎಂದೇ ಶುರುವಾಗುತ್ತವೆ. ದಾವಣಗೆರೆಯ ಅಂಗಡಿಯವರಿಗೋ ಪೀಣ್ಯದ ಶೆಡ್ಡಿನ ಮಾಲೀಕರಿಗೋ ಗೊತ್ತಿಲ್ಲದ ದನಿಯೊಂದು ಹೇಗಿದ್ದೀರಾ ಎಂದರೆ ಅವರು ಚೆನ್ನಾಗಿದ್ದೀನಿ ಎನ್ನುವುದಿಲ್ಲ, "ಯಾರು ಮಾತಾಡೋದು?" ಎನ್ನುತ್ತಾರೆ. ಕುಶಲ ಕೇಳಲು ಇಲ್ಲಿ ಮೊದಲು ಪರಿಚಯ ಇರಬೇಕು. ಪರಿಚಯವಿದ್ದಂತೆ ನಟಿಸಿದವರನ್ನು ಜನ ಬೇಗ ಕ್ಷಮಿಸುವುದಿಲ್ಲ.

ಕುಶಲದ ಪ್ರಶ್ನೆಗೆ ಇನ್ನೂ ಹಳೆಯ ಒಂದು ಸಾಕ್ಷ್ಯವಿದೆ. ಡೇನಿಯಲ್ ಹೊವಾರ್ಡ್ ಎಂಬ ಸಂಶೋಧಕರು 1990ರಲ್ಲಿ ಪ್ರಕಟಿಸಿದ ಪ್ರಯೋಗವದು. ಹಸಿದವರಿಗೆ ಊಟ ಒದಗಿಸುವ ಕೆಲಸಕ್ಕಾಗಿ ಕುಕೀ ಮಾರಲು ನಿಮ್ಮ ಮನೆಗೆ ಬರಬಹುದೇ ಎಂದು ಫೋನಿನಲ್ಲಿ ಕೇಳಲಾಯಿತು. ನೇರವಾಗಿ ಕೇಳಿದಾಗ ಶೇ. 18 ಜನ ಒಪ್ಪಿದರು. ಮೊದಲು ಹೇಗಿದ್ದೀರಿ ಎಂದು ಕೇಳಿ, ಉತ್ತರ ಬಂದ ಮೇಲೆ ವಿಷಯ ಎತ್ತಿದಾಗ ಶೇ. 32. ಚೆನ್ನಾಗಿದ್ದೇನೆ ಎಂದು ಬಾಯಿಬಿಟ್ಟು ಹೇಳಿದವರಿಗೆ, ಚೆನ್ನಾಗಿಲ್ಲದವರಿಗೆ ಇಲ್ಲ ಎನ್ನುವುದು ಕಷ್ಟವಾಯಿತು ಎಂಬುದು ಅವರ ವಿವರಣೆ. ಪ್ರಯೋಗ ಸೊಗಸಾಗಿದೆ, ಆದರೆ ಕೇಳಿದ್ದು ದಾನಕ್ಕೆ. ಸಾಲದ ಕಾರ್ಡಿಗೂ ಸೈಟಿಗೂ ಅದೇ ಪ್ರಶ್ನೆಯನ್ನು ಸವೆಸಿ ಸವೆಸಿ ಇವತ್ತು ಅದು ಮಾರಾಟದ ಗುರುತೇ ಆಗಿಹೋಗಿದೆ.

ಹಾಗಾದರೆ ಏನು ಹೇಳಬೇಕು? ಒಂದು ಉದಾಹರಣೆಯನ್ನು ಪೂರ್ತಿಯಾಗಿ ಕಟ್ಟಿ ನೋಡಬಹುದು. ಬೆಂಗಳೂರಿನ ಪೀಣ್ಯದಲ್ಲಿ ಏರ್ ಕಂಪ್ರೆಸರ್‌ಗಳನ್ನು ರಿಪೇರಿ ಮತ್ತು ಸರ್ವಿಸ್ ಮಾಡುವ ಚಿಕ್ಕ ಸಂಸ್ಥೆಯೊಂದಿದೆ ಎಂದುಕೊಳ್ಳೋಣ. ಅಲ್ಲಿನ ಕಾಲರ್‌ಳನ್ನು ಸುಧಾ ಎನ್ನೋಣ. ಅವಳು ಫೋನ್ ಮಾಡಬೇಕಾದದ್ದು ಸುತ್ತಲಿನ ಮೆಷಿನ್ ಶಾಪ್‌ಗಳ ಮಾಲೀಕರಿಗೆ. ಲೇತ್, ಸಿಎನ್‌ಸಿ ಇಟ್ಟುಕೊಂಡು ಹತ್ತು ಹದಿನೈದು ಜನರಿಂದ ಕೆಲಸ ಮಾಡಿಸುವವರು ಅವರು. ಬೆಳಗ್ಗೆ ಹೊತ್ತು ಅವರ ಬೆನ್ನಿಗೆ ಡಿಸ್ಪ್ಯಾಚ್ ಇರುತ್ತದೆ, ಕಿವಿಗೆ ಮೆಷಿನ್ ಸದ್ದು ಇರುತ್ತದೆ.

ಸುಧಾಗೆ ಕೊಟ್ಟಿದ್ದ ಸ್ಕ್ರಿಪ್ಟು ಈ ಲೇಖನದ ಆರಂಭದಲ್ಲಿರುವಂಥದ್ದೇ. ಅದರಲ್ಲಿ ಕಂಪ್ರೆಸರ್ ಎಂಬ ಮಾತೇ ಇಲ್ಲ, ಸಮಗ್ರ ಪರಿಹಾರ ಇದೆ. ಆಕೆ ಹೇಳಬೇಕಾದದ್ದು ಬಹುಶಃ ಹೀಗೆ:

"ನಮಸ್ಕಾರ ಸರ್, ಸುಧಾ ಅಂತ, ಪೀಣ್ಯ ಸೆಕೆಂಡ್ ಸ್ಟೇಜಿಂದ. ಏರ್ ಕಂಪ್ರೆಸರ್ ಸರ್ವಿಸ್ ಮಾಡೋರು ನಾವು."

ಇಲ್ಲಿ ನಿಲ್ಲಬೇಕು. ಆ ಕಡೆಯಿಂದ "ಹಾಂ" ಅಥವಾ "ಹೇಳಿ" ಬರುತ್ತದೆ. ಬಂದ ಮೇಲೆ:

"ನಿಮಗೆ ನನ್ನ ಪರಿಚಯ ಇಲ್ಲ ಸರ್. ನಿಮ್ಮ ಶೆಡ್ಡಲ್ಲಿ ಸಿಎನ್‌ಸಿ ಮೆಷಿನ್ ಇದಾವೆ ಅಂತ ಸಂಘದ ಡೈರೆಕ್ಟರೀಲಿ ನೋಡಿ ಫೋನ್ ಮಾಡ್ದೆ. ಒಂದೇ ವಿಷಯ ಕೇಳ್ಬೇಕಿತ್ತು: ಊಟದ ಟೈಮಲ್ಲಿ ಮೆಷಿನ್ ಎಲ್ಲಾ ನಿಂತಿದ್ರೂ ಕಂಪ್ರೆಸರ್ ಆಗಾಗ ಆನ್ ಆಗುತ್ತಾ?"

ಇಷ್ಟೇ. ಒಟ್ಟು ನಲವತ್ತು ಪದ, ಉಚ್ಚಾರದ ಲೆಕ್ಕದಲ್ಲಿ ನೂರರ ಆಸುಪಾಸು ಅಕ್ಷರ. ಅವಸರವಿಲ್ಲದೆ ಮಾತಾಡುವವರು ಸೆಕೆಂಡಿಗೆ ಐದಾರು ಅಕ್ಷರ ಆಡುತ್ತಾರೆಂದು ಹಿಡಿದರೆ ನಡುವಿನ ಬಿಡುವೂ ಸೇರಿ ಇಪ್ಪತ್ತು ಸೆಕೆಂಡಿಗೆ ಸರಿಹೋಗುತ್ತದೆ. ಕನ್ನಡದ ಪದಗಳು ಇಂಗ್ಲಿಷಿನವುಗಳಿಗಿಂತ ಉದ್ದ. ಅಲ್ಲಿ ಐವತ್ತು ಪದದ ಸಾಲು ಇಪ್ಪತ್ತು ಸೆಕೆಂಡಿನಲ್ಲಿ ಮುಗಿದರೆ, ಅದನ್ನೇ ಪದಕ್ಕೆ ಪದ ಕನ್ನಡಿಸಿದಾಗ ಅರ್ಧ ನಿಮಿಷ ದಾಟುತ್ತದೆ. ಟೀಮ್ ಲೀಡರ್ ಗಡಿಯಾರ ನೋಡುತ್ತಾರೆ, ಕಾಲರ್ ವೇಗ ಹೆಚ್ಚಿಸುತ್ತಾರೆ, ಕೇಳುವವರಿಗೆ ಒಂದಕ್ಷರವೂ ಹಿಡಿಯುವುದಿಲ್ಲ. ನಮ್ಮ ಟೆಲಿಕಾಲರ್‌ಗಳು ಉಸಿರು ಕಟ್ಟಿ ಓದುವುದಕ್ಕೆ ಇದೊಂದು ಮುಖ್ಯ ಕಾರಣ.

ಈ ನಲವತ್ತು ಪದಗಳಲ್ಲಿ ಏನೇನಿದೆ ಎಂದು ಬಿಡಿಸಿ ನೋಡುವುದು ಒಳ್ಳೆಯದು. ಹೆಸರು ಇದೆ, ಆದರೆ ಅದಕ್ಕಿಂತ ಮುಖ್ಯವಾಗಿ ಜಾಗ ಇದೆ. ಪೀಣ್ಯದವರು ಪೀಣ್ಯದವರಿಗೆ ಫೋನ್ ಮಾಡಿದ್ದಾರೆ ಎಂಬುದು ಮೂರನೆಯ ಸೆಕೆಂಡಿನಲ್ಲೇ ಗೊತ್ತಾಗುತ್ತದೆ. ಕಂಪನಿಯ ಹೆಸರನ್ನೂ ಅಲ್ಲಿಯೇ ಹೇಳಬೇಕು, ಮುಚ್ಚಿಡುವಂತಿಲ್ಲ. ಆದರೆ ಕೇಳದ ಹೆಸರಾಗಿದ್ದರೆ ಅದರಿಂದ ಏನೂ ಹೊಳೆಯುವುದಿಲ್ಲವಾದ್ದರಿಂದ ಕೂಡಲೇ ಕೆಲಸದ ಹೆಸರು ಬೇಕು. ಕಂಪ್ರೆಸರ್ ಸರ್ವಿಸ್ ಎಂದರೆ ಮಾಲೀಕರಿಗೆ ಏನೆಂದು ಅರ್ಥವಾಗುತ್ತದೆ, ಏನೋ ಮಾರುವವರೇ ಎಂಬುದೂ ಅರ್ಥವಾಗುತ್ತದೆ. ಆಗಲಿ ಬಿಡಿ. ಅದನ್ನು ಅಡಗಿಸಿಟ್ಟು ಒಂದು ನಿಮಿಷದ ನಂತರ ಹೊರತೆಗೆಯುವ ಸ್ಕ್ರಿಪ್ಟುಗಳೇ ಹೆಚ್ಚು ಬೈಗುಳ ತಿನ್ನುವುದು.

"ನಿಮಗೆ ನನ್ನ ಪರಿಚಯ ಇಲ್ಲ" ಎಂಬ ವಾಕ್ಯವನ್ನು ಮಾರಾಟದವರು ಒಪ್ಪುವುದು ಕಷ್ಟ. ತಾವಾಗಿಯೇ ಯಾಕೆ ಹೇಳಬೇಕು ಎನ್ನುತ್ತಾರೆ. ಹೇಳಬೇಕಾದದ್ದು ಏಕೆಂದರೆ ಆ ಕಡೆಯವರ ತಲೆ ಅದೇ ಹೊತ್ತಿನಲ್ಲಿ ಈ ಸುಧಾ ಯಾರು, ಎಲ್ಲಿ ನೋಡಿದ್ದೆ, ಹಳೇ ಸಪ್ಲೈಯರ್ ಕಡೆಯವಳೇ ಎಂದು ಹುಡುಕುತ್ತಿರುತ್ತದೆ. ಹುಡುಕಾಟ ನಡೆಯುವಾಗ ಕಿವಿ ಕೇಳುವುದಿಲ್ಲ. ಪರಿಚಯ ಇಲ್ಲ ಎಂದ ಕೂಡಲೇ ಆ ಹುಡುಕಾಟ ನಿಲ್ಲುತ್ತದೆ. ಅಪರಿಚಿತ ಫೋನುಗಳ ಬಗ್ಗೆ ಈಗ ಜನರಲ್ಲಿ ಭಯವೂ ಸೇರಿಕೊಂಡಿದೆ. ಪಾರ್ಸೆಲ್ ಸಿಕ್ಕಿದೆ, ನಿಮ್ಮ ಮೇಲೆ ಕೇಸಾಗಿದೆ ಎಂದು ಹೆದರಿಸಿ ಹಣ ದೋಚುವ ಡಿಜಿಟಲ್ ಅರೆಸ್ಟ್ ವಂಚಕರು ಶುರು ಮಾಡುವುದೇ ಅಧಿಕಾರದ ದನಿಯಲ್ಲಿ. "ಹೆಡ್ ಆಫೀಸಿಂದ ಮಾತಾಡ್ತಿರೋದು", "ನಿಮ್ಮ ನಂಬರ್ ಸೆಲೆಕ್ಟ್ ಆಗಿದೆ" ಎಂಬಂಥ ಸಾಲುಗಳು ಇವತ್ತು ಗಿರಾಕಿಯನ್ನು ತರುವುದಿಲ್ಲ, ಅನುಮಾನವನ್ನು ತರುತ್ತವೆ.

ಆಮೇಲೆ ಬರುವುದು ಕಾರಣ. ಕಾರಣದ ಶಕ್ತಿಯನ್ನು ತೋರಿಸುವ ಪ್ರಸಿದ್ಧ ಪ್ರಯೋಗ 1978ರದ್ದು, ಎಲೆನ್ ಲ್ಯಾಂಗರ್ ಮತ್ತು ಸಂಗಡಿಗರದ್ದು. ಜೆರಾಕ್ಸ್ ಯಂತ್ರದ ಬಳಿ ನಿಂತವರನ್ನು ಬರೀ 5 ಪುಟ ತೆಗೆದುಕೊಳ್ಳಲೇ ಎಂದು ಕೇಳಿದಾಗ ಶೇ. 60 ಜನ ಬಿಟ್ಟುಕೊಟ್ಟರು. ಅವಸರವಿದೆ ಎಂಬ ನಿಜ ಕಾರಣ ಸೇರಿಸಿದಾಗ ಶೇ. 94. "ಏಕೆಂದರೆ ಪ್ರತಿ ತೆಗೆಯಬೇಕು" ಎಂಬ ಅರ್ಥವಿಲ್ಲದ ಕಾರಣಕ್ಕೂ ಶೇ. 93! ಮಾರಾಟ ತರಬೇತಿಗಳಲ್ಲಿ ಕಥೆ ಇಲ್ಲಿಗೇ ಮುಗಿಯುತ್ತದೆ: ಏನೋ ಒಂದು ಕಾರಣ ಹೇಳಿ, ಸಾಕು. ಅದೇ ಪ್ರಯೋಗದ ಉಳಿದರ್ಧವನ್ನು ಯಾರೂ ಹೇಳುವುದಿಲ್ಲ. ಪುಟಗಳು 20 ಆದಾಗ, ಅಂದರೆ ಕೇಳಿದ್ದು ದೊಡ್ಡದಾದಾಗ, ಹುಸಿ ಕಾರಣದಿಂದ ಏನೂ ಪ್ರಯೋಜನವಾಗಲಿಲ್ಲ. ಕಾರಣ ಹೇಳದವರಿಗೂ ಹುಸಿ ಕಾರಣ ಹೇಳಿದವರಿಗೂ ಒಪ್ಪಿದ್ದು ಶೇ. 24 ಜನವೇ. ನಿಜ ಕಾರಣಕ್ಕೆ ಶೇ. 42. ಕೆಲಸದ ನಡುವೆ ಇರುವ ಮಾಲೀಕರ ಗಮನ ಕೇಳುವುದು 20 ಪುಟದ ಬೇಡಿಕೆ. "ನಮ್ಮ ಹೊಸ ಸೇವೆಯ ಬಗ್ಗೆ ತಿಳಿಸಲು" ಎಂಬುದು ಹುಸಿ ಕಾರಣ, ಅದು ಕಾಲರ್‌ಗೆ ಬೇಕಾದದ್ದು. "ನಿಮ್ಮ ಶೆಡ್ಡಲ್ಲಿ ಸಿಎನ್‌ಸಿ ಇದೆ" ಎಂಬುದು ಆ ಕಡೆಯವರ ಬಗ್ಗೆ ಇರುವ ನಿಜ ಸಂಗತಿ. ನಂಬರ್ ಎಲ್ಲಿ ಸಿಕ್ಕಿತು ಎಂಬುದಕ್ಕೂ ಅದರಲ್ಲೇ ಉತ್ತರ ಇದೆ. ಆ ಉತ್ತರ ಸತ್ಯವಾಗಿರಬೇಕು ಎಂದು ಬೇರೆ ಹೇಳಬೇಕಿಲ್ಲ. ಡೈರೆಕ್ಟರಿ ನೋಡದೆ ನೋಡಿದೆ ಎಂದರೆ, "ಯಾವ ವರ್ಷದ್ದು?" ಎಂಬ ಎರಡನೇ ಪ್ರಶ್ನೆಗೇ ಬಣ್ಣ ಬಯಲಾಗುತ್ತದೆ.

ಕೊನೆಯ ಪ್ರಶ್ನೆಯೇ ಈ ಸಾಲಿನ ಜೀವ. ಗಾಳಿಯ ಪೈಪುಗಳಲ್ಲಿ, ಜೋಡಣೆಗಳಲ್ಲಿ, ಏರ್ ಗನ್ನಿನ ಬಾಯಲ್ಲಿ ಸೋರಿಕೆ ಇದ್ದರೆ ಯಾವ ಮೆಷಿನ್ನೂ ಗಾಳಿ ಬಳಸದಿದ್ದಾಗಲೂ ಒತ್ತಡ ಇಳಿಯುತ್ತದೆ, ಕಂಪ್ರೆಸರ್ ಮತ್ತೆ ಮತ್ತೆ ಓಡುತ್ತದೆ. ಊಟದ ಹೊತ್ತಿನಲ್ಲಿ ಶೆಡ್ಡು ಶಾಂತವಾಗಿರುವುದರಿಂದ ಅದು ಕಿವಿಗೇ ಕೇಳಿಸುತ್ತದೆ. ಒಂದು ನಿಮಿಷ ಓಡಿ ಮೂರು ನಿಮಿಷ ಸುಮ್ಮನಿದ್ದರೆ, ಅದು ಕೊಡಬಲ್ಲ ಗಾಳಿಯಲ್ಲಿ ಕಾಲು ಭಾಗ ಸೋರುತ್ತಿದೆ ಎಂದೇ ಅರ್ಥ: ಓಡಿದ ಹೊತ್ತನ್ನು ಒಟ್ಟು ಹೊತ್ತಿನಿಂದ ಭಾಗಿಸಿದರೆ ಸಾಕು. ಸರಿಯಾಗಿ ನೋಡಿಕೊಳ್ಳದ ಘಟಕಗಳಲ್ಲಿ ಶೇ. 20ರಿಂದ 30ರಷ್ಟು ಸೋರಿಕೆ ಅಪರೂಪವೇನಲ್ಲ. ಏಳು ಬಾರ್ ಒತ್ತಡದಲ್ಲಿ ಒಂದೂವರೆ ಮಿಲಿಮೀಟರ್‌ನಷ್ಟು ತೂತು ಸುಮಾರು 0.8 ಕಿಲೋವ್ಯಾಟ್ ತಿನ್ನುತ್ತದೆ. ದಿನಕ್ಕೆ 8 ಗಂಟೆ, ತಿಂಗಳಿಗೆ 25 ದಿನ, ಯೂನಿಟ್‌ಗೆ 7 ರೂಪಾಯಿ ಎಂದು ಹಿಡಿದರೆ ಒಂದು ತೂತಿಗೆ ತಿಂಗಳಿಗೆ ಸಾವಿರದ ನೂರು ರೂಪಾಯಿಯ ಕರೆಂಟು.

ಈ ಲೆಕ್ಕವೆಲ್ಲ ಸುಧಾಗೆ ಗೊತ್ತಿರಬೇಕು, ಆದರೆ ಮೊದಲ ಇಪ್ಪತ್ತು ಸೆಕೆಂಡಿನಲ್ಲಿ ಬಾಯಿಗೆ ಬರಬಾರದು. "ತಿಂಗಳಿಗೆ ಹತ್ತು ಸಾವಿರ ಉಳಿಸಿಕೊಡ್ತೀವಿ ಸರ್" ಎಂದರೆ ಮಾಲೀಕರು ಕೇಳುವುದು ನ್ಯಾಯವಾಗಿಯೇ ಇರುತ್ತದೆ: ನಮ್ಮ ಶೆಡ್ಡು ನೋಡದೆ ಹತ್ತು ಸಾವಿರ ಎಲ್ಲಿಂದ ತಂದಿರಿ? ಊಟದ ಹೊತ್ತಿನ ಪ್ರಶ್ನೆ ಹಾಗಲ್ಲ. ಅದಕ್ಕೆ ಉತ್ತರ ಅವರ ಬಳಿಯೇ ಇದೆ, ಉತ್ತರಿಸಲು ಏನನ್ನೂ ಕೊಳ್ಳಬೇಕಿಲ್ಲ, ಕೇಳಿದವಳಿಗೆ ಕಂಪ್ರೆಸರ್ ಬಗ್ಗೆ ಏನೋ ಗೊತ್ತಿದೆ ಎಂಬುದೂ ಹೊಗಳಿಕೊಳ್ಳದೆ ತಿಳಿಯುತ್ತದೆ. "ನಿಮಗೆ ಕರೆಂಟ್ ಬಿಲ್ ಕಮ್ಮಿ ಆಗ್ಬೇಕಾ ಸರ್?" ಎಂಬ ಪ್ರಶ್ನೆಯೂ ಇದೆಯಲ್ಲ, ಅದಕ್ಕೆ ಬೇಡ ಎನ್ನುವವರು ಯಾರು? ಉತ್ತರ ಮೊದಲೇ ಗೊತ್ತಿರುವ ಪ್ರಶ್ನೆ ಬಲೆಯಂತೆ ಕಾಣುತ್ತದೆ.

ಪ್ರಶ್ನೆಗೆ ಬರುವ ಉತ್ತರಗಳು ನಾಲ್ಕೈದು ಬಗೆಯವು. "ಆಗುತ್ತೆ, ಯಾಕೆ?" ಎಂದರೆ ಆರಂಭದ ಸಾಲಿನ ಕೆಲಸ ಮುಗಿದು ಮಾತುಕತೆ ಶುರುವಾಯಿತು. "ಗೊತ್ತಿಲ್ಲಮ್ಮ, ನೋಡಿಲ್ಲ" ಎಂದರೆ ಅದೂ ಒಳ್ಳೆಯ ಉತ್ತರವೇ: "ನಾಳೆ ಊಟದ ಹೊತ್ತಲ್ಲಿ ಸ್ವಲ್ಪ ಕೇಳಿಸ್ಕೊಂಡು ನೋಡಿ ಸರ್, ನಾಡಿದ್ದು ಇದೇ ಟೈಮಿಗೆ ಮಾಡ್ಲಾ?" "ಈಗ ಬ್ಯುಸಿ" ಎಂದರೆ, "ಆಯ್ತು ಸರ್, ಊಟ ಆದ್ಮೇಲೆ ಮೂರಕ್ಕೆ ಮಾಡ್ಲಾ, ನಾಳೆ ಮಾಡ್ಲಾ?" ಎಂದು ಎರಡು ಹೊತ್ತು ಕೊಡಬೇಕು. ಸುಮ್ಮನೆ ಆಮೇಲೆ ಮಾಡುತ್ತೇನೆ ಎಂದರೆ ಆ ಆಮೇಲೆ ಬರುವುದಿಲ್ಲ. "ವಾಟ್ಸಾಪ್ ಮಾಡಿ" ಎಂಬುದು ಹತ್ತಕ್ಕೆ ಒಂಬತ್ತು ಸಲ ಮರ್ಯಾದೆಯ ಬೇಡ. "ಬೇಡ" ಎಂಬುದು ಬೇಡವೇ. "ಸರಿ ಸರ್, ಇನ್ನು ಮಾಡಲ್ಲ" ಎಂದು ಪಟ್ಟಿಯಲ್ಲಿ ಗುರುತು ಹಾಕಿ, ನಿಜವಾಗಿಯೂ ಮಾಡದೆ ಇರಬೇಕು. ಬೇಡ ಎಂದವರಿಗೆ ಬೇರೆ ಕಾಲರ್‌ನಿಂದ ಮಾರನೆಯ ದಿನ ಫೋನ್ ಮಾಡಿಸುವ ಆಫೀಸುಗಳಿವೆ, ಅವಕ್ಕೆ ಎಷ್ಟು ಒಳ್ಳೆಯ ಸಾಲು ಬರೆದುಕೊಟ್ಟರೂ ವ್ಯರ್ಥ.

ಇಲ್ಲಿ ಬೇಕೆಂದೇ ಬಿಟ್ಟಿರುವ ಒಂದು ಸಾಲಿದೆ: "ಎರಡು ನಿಮಿಷ ಮಾತಾಡಬಹುದಾ ಸರ್?" ನಮ್ಮ ದೇಶದ ಟೆಲಿಕಾಲರ್‌ಗಳ ಬಾಯಲ್ಲಿ ಇದಕ್ಕಿಂತ ಸವೆದ ಮಾತು ಇನ್ನೊಂದಿಲ್ಲ. ಅನುಮತಿ ಕೇಳುವುದರಲ್ಲಿ ತಪ್ಪೇನಿಲ್ಲ, ತಪ್ಪಿರುವುದು ಅದನ್ನು ಕೇಳುವ ಜಾಗದಲ್ಲಿ. ಯಾರು, ಏಕೆ ಎಂಬುದು ಗೊತ್ತಾಗುವ ಮೊದಲೇ ಹೊತ್ತು ಕೇಳಿದರೆ ಕೊಡುವವರು ಯಾವ ಆಧಾರದ ಮೇಲೆ ಕೊಡಬೇಕು? ಹಿಂದೆ ಹೇಳಿದ ಅಮೆರಿಕದ ಲೆಕ್ಕದಲ್ಲಿ ಸೋತ ಸಾಲೂ ಇದೇ ಜಾತಿಯದ್ದು. ಅದೇ ಸಮಯದಲ್ಲಿ, ಎಫ್‌ಬಿಐಯಲ್ಲಿ ಒತ್ತೆಯಾಳುಗಳ ಬಿಡುಗಡೆಗೆ ಮಾತುಕತೆ ನಡೆಸುತ್ತಿದ್ದ ಕ್ರಿಸ್ ವಾಸ್ ತಮ್ಮ 2016ರ ಪುಸ್ತಕದಲ್ಲಿ, ಮಾತಾಡಲು ಇದು ಕೆಟ್ಟ ಹೊತ್ತೇ ಎಂದು ಕೇಳುವುದೇ ಒಳ್ಳೆಯದು, ಇಲ್ಲ ಎನ್ನುವ ಹಕ್ಕು ಸಿಕ್ಕಾಗ ಜನ ಹಗುರಾಗುತ್ತಾರೆ ಎಂದು ವಾದಿಸುತ್ತಾರೆ. ಇಬ್ಬರದೂ ಸರಿ ಇರಬಹುದು. ಕನ್ನಡದಲ್ಲಂತೂ "ಬ್ಯುಸಿ ಇದೀರಾ ಸರ್?" ಎಂದರೆ "ಹೂಂ" ಎನ್ನುವುದು ಸುಲಭ, ಎನ್ನುತ್ತಾರೆ ಕೂಡ. ಕಾರಣ ಹೇಳಿಯಾದ ಮೇಲೆ "ಈಗ ಹೇಳ್ಲಾ, ಆಮೇಲೆ ಮಾಡ್ಲಾ?" ಎಂದು ಕೇಳಿದರೆ ಅದೇ ಅನುಮತಿ ಬೇರೆಯಾಗಿ ಕೇಳಿಸುತ್ತದೆ.

ದನಿಯ ವಿಷಯದಲ್ಲಿ ಹೇಳುವುದು ಹೆಚ್ಚಿಲ್ಲ. "ನಮಸ್ಕಾರ ಸರ್" ಎಂದಾಗ ದನಿ ಮೇಲೇರುತ್ತಾ ಹೋದರೆ ಅದು ಓದಿದ ಸಾಲು, ಇಳಿದು ನಿಂತರೆ ಆಡಿದ ಮಾತು. ಬರಹದ ಕನ್ನಡವನ್ನು ಬಿಡುವುದೂ ಅಷ್ಟೇ ಮುಖ್ಯ: ಮಾಡುತ್ತಿದ್ದೇನೆ ಅಲ್ಲ, ಮಾಡ್ತಿದೀನಿ. ಹುಬ್ಬಳ್ಳಿ ಕಡೆಯ ಕಾಲರ್ ಹುಬ್ಬಳ್ಳಿಯವರಿಗೆ ಮಾಡುವಾಗ "ನಮಸ್ಕಾರ್ರೀ, ಗೋಕುಲ ರೋಡಿಂದ ಮಾತಾಡಾಕತ್ತೇನ್ರಿ" ಎಂದೇ ಹೇಳಬೇಕು. ಬೆಂಗಳೂರಿನ ಕಾಲರ್ ಅದನ್ನು ಅನುಕರಿಸಲು ಹೋದರೆ ಅಣಕಿಸಿದಂತಾಗುತ್ತದೆ. ತನ್ನ ಮಾತಿನಲ್ಲೇ ಸ್ವಲ್ಪ ನಿಧಾನವಾಗಿ ಆಡಿದರೆ ಸಾಕು. ವಯಸ್ಸು ಗೊತ್ತಿಲ್ಲದವರಿಗೆ ಅಣ್ಣ, ಅಂಕಲ್, ಆಂಟಿ ಬೇಡ. ಸರ್, ಮೇಡಂ ಎಲ್ಲ ಕಡೆಯೂ ನಡೆಯುತ್ತದೆ, ಅದೂ ಎರಡು ಮೂರು ಸಲ. ವಾಕ್ಯಕ್ಕೊಂದು ಸರ್ ಬಂದರೆ ವಿನಯ ಹೋಗಿ ಓಲೈಕೆ ಉಳಿಯುತ್ತದೆ.

ಸಾಲು ಕೆಲಸ ಮಾಡುತ್ತಿದೆಯೇ ಎಂಬುದನ್ನು ತಿಳಿಯುವುದು ಹೇಗೆ? ಎಷ್ಟು ಜನ ಕೊಂಡರು ಎಂದು ಎಣಿಸಿದರೆ ತಿಳಿಯುವುದಿಲ್ಲ, ಕೊಳ್ಳುವುದಕ್ಕೆ ಬೇರೆ ನೂರು ಕಾರಣಗಳಿರುತ್ತವೆ. ಫೋನ್ ಎಲ್ಲಿ ಕಟ್ಟಾಯಿತು ಎಂದು ಬರೆದುಕೊಳ್ಳಬೇಕು. ಐದು ಸೆಕೆಂಡಿನೊಳಗೆ ಕಟ್ಟಾಗುತ್ತಿದ್ದರೆ ದೋಷ ಪದಗಳದ್ದಲ್ಲ, ಆರಂಭದ ಮೌನದ್ದು, ದನಿಯದ್ದು, ಇಲ್ಲವೇ ಪರದೆಯ ಮೇಲೆ ಕಾಣುವ ನಂಬರಿನದ್ದು. ಹೆಸರು, ಜಾಗ ಹೇಳಿದ ಮೇಲೆ, ಪ್ರಶ್ನೆಗೆ ಮೊದಲು ಕಟ್ಟಾಗುತ್ತಿದ್ದರೆ ಕಾರಣ ಟೊಳ್ಳಾಗಿದೆ. ಪೂರ್ತಿ ಕೇಳಿ, ಪ್ರಶ್ನೆಯೂ ಅರ್ಥವಾಗಿ, "ನಮ್ಮಲ್ಲಿ ಕಂಪ್ರೆಸರೇ ಇಲ್ಲ" ಎಂಬ ಉತ್ತರ ಮತ್ತೆ ಮತ್ತೆ ಬರುತ್ತಿದ್ದರೆ ಸಾಲನ್ನು ತಿದ್ದಿ ಪ್ರಯೋಜನವಿಲ್ಲ, ಪಟ್ಟಿಯೇ ತಪ್ಪಾಗಿದೆ. ಸೋತ ಕರೆಗಳಿಗೆಲ್ಲ ಕಾಲರ್‌ಳನ್ನೇ ಹೊಣೆ ಮಾಡುವ ಆಫೀಸುಗಳು ಈ ಮೂರನೆಯ ಸಂಗತಿಯನ್ನು ನೋಡುವುದೇ ಇಲ್ಲ.

ನಂಬರಿನ ಮಾತು ಬಂದದ್ದರಿಂದ ಕಾನೂನಿನ ವಿಷಯವನ್ನೂ ಹೇಳಬೇಕು, ಏಕೆಂದರೆ ಭಾರತದಲ್ಲಿ ಸುಧಾ ತನ್ನ ಸ್ವಂತ ಮೊಬೈಲಿನಿಂದ ಹೀಗೆ ಸಾಲಾಗಿ ಫೋನ್ ಮಾಡುತ್ತಾ ಕೂರುವಂತಿಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2018ರಲ್ಲಿ ಹೊರಡಿಸಿದ ನಿಯಮಾವಳಿಯ ಪ್ರಕಾರ ಪ್ರಚಾರದ ಕರೆ ಮಾಡುವವರು ನೋಂದಾಯಿಸಿಕೊಂಡು, ಅದಕ್ಕೆಂದೇ ಇರುವ 140ರಿಂದ ಶುರುವಾಗುವ ನಂಬರುಗಳನ್ನು ಬಳಸಬೇಕು. ಪ್ರಚಾರದ ಕರೆ ಬೇಡವೆಂದು 1909ರಲ್ಲಿ ದಾಖಲಿಸಿದವರಿಗೆ, ಅವರೇ ಒಪ್ಪಿಗೆ ಕೊಟ್ಟಿರದ ಹೊರತು, ಮಾಡಬಾರದು. ಅಂಗಡಿಯ ನಂಬರು, ಶೆಡ್ಡಿನ ನಂಬರು ಎಂಬ ವಿನಾಯಿತಿಯನ್ನು ಕಾಲರ್ ತಾನೇ ಊಹಿಸಿಕೊಳ್ಳುವುದು ಸರಿಯಲ್ಲ. ಬ್ಯಾಂಕು, ವಿಮೆಯಂಥ ಸಂಸ್ಥೆಗಳ ಸೇವಾ ಕರೆಗಳಿಗೆ 1600ರ ಸರಣಿಯನ್ನು ಬೇರೆಯಾಗಿ ಇಡಲಾಗಿದೆ.

140 ಎಂದು ಕಂಡ ಕೂಡಲೇ ಜನ ಎತ್ತುವುದಿಲ್ಲ ಎಂಬುದು ಕಾಲರ್‌ಗಳ ಗೋಳು. ಆ ಗೋಳಿನಲ್ಲಿ ಸತ್ಯವಿದೆ. ಅದಕ್ಕೇ ಎಷ್ಟೋ ಸಂಸ್ಥೆಗಳು ಸಾಮಾನ್ಯ ಹತ್ತಂಕಿಯ ನಂಬರಿನಿಂದ ಮಾಡಿಸುತ್ತವೆ, ಬ್ಲಾಕ್ ಆದಾಗ ಸಿಮ್ ಬದಲಿಸುತ್ತವೆ. 2025ರ ಫೆಬ್ರುವರಿಯಲ್ಲಿ ಟ್ರಾಯ್ ನಿಯಮಗಳನ್ನು ಬಿಗಿ ಮಾಡಿದ್ದು ಇಂಥವರನ್ನು ನೋಡಿಯೇ. ಮೊದಲು ಒಬ್ಬರ ಮೇಲೆ 7 ದಿನದಲ್ಲಿ 10 ದೂರು ಬಂದರೆ ಕ್ರಮವಿತ್ತು, ಈಗ 10 ದಿನದಲ್ಲಿ 5 ದೂರು ಸಾಕು. ಮೊದಲ ತಪ್ಪಿಗೆ ಆ ಕಡೆಯಿಂದ ಹೊರಹೋಗುವ ಕರೆಗಳು 15 ದಿನ ಬಂದ್, ಮರುಕಳಿಸಿದರೆ ಎಲ್ಲ ಸಂಪರ್ಕಗಳೂ ಒಂದು ವರ್ಷ ಕಡಿತ. ಸ್ವಂತ ಸಿಮ್‌ನಿಂದ ಮಾಡು ಎಂದು ಆಫೀಸು ಹೇಳಿದರೆ, ಆ ಸಿಮ್ ಹೋಗುವುದು ಕಾಲರ್‌ಳದ್ದೇ ಎಂಬುದನ್ನು ಈ ಕೆಲಸಕ್ಕೆ ಹೊಸದಾಗಿ ಸೇರುವವರು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಫೋನ್ ಎತ್ತುವ ಕಡೆಯಲ್ಲಿರುವ ಓದುಗರಿಗೂ ಒಂದು ಮಾತು. ನೋಂದಣಿಯಿಲ್ಲದ ಸಾಮಾನ್ಯ ನಂಬರಿನಿಂದ ಮಾರಾಟದ ಕರೆ ಬಂದರೆ, ನೀವು ಮೊದಲು ಬೇಡವೆಂದು ದಾಖಲಿಸಿರದಿದ್ದರೂ ಈಗ ದೂರು ಕೊಡಬಹುದು. ಅದಕ್ಕಿದ್ದ 3 ದಿನದ ಗಡುವನ್ನು 7 ದಿನಕ್ಕೆ ಏರಿಸಲಾಗಿದೆ. ನಂಬರು, ತಾರೀಖು, ಏನು ಮಾರಲು ಬಂದರು ಎಂಬುದನ್ನು ಬರೆದಿಟ್ಟುಕೊಳ್ಳಿ. ಟ್ರಾಯ್‌ನ ಡಿಎನ್‌ಡಿ ಆ್ಯಪ್‌ನಲ್ಲಿ ಅಥವಾ 1909ಕ್ಕೆ ಕರೆ ಮಾಡಿ ದೂರನ್ನು ದಾಖಲಿಸಬಹುದು.